ಉರುಗ್ವೆ ತಪ್ಪು ಮಾಡಿದೆ ಅಂತ ಕೋರ್ಟೇ ಹೇಳಿತು, ಮತ್ತೆ ಕಾರ್ಖಾನೆ ಯಾಕೆ ಅಲ್ಲೇ ಉಳಿಯಿತು?

ಸಂಜೆಮಳೆ

ನಾಡಿದ್ದು ನಮ್ಮ ಲಾ ಕಾಲೇಜಲ್ಲಿ ಸೆಮಿನಾರ್ ಇದೆ. ನನ್ನ ಪಾಲಿಗೆ ಬಂದಿರುವುದು ಅರ್ಜೆಂಟೀನಾ ಮತ್ತು ಉರುಗ್ವೆ ನಡುವಿನ ಪಲ್ಪ್ ಕಾರ್ಖಾನೆ ಕೇಸು, ಅಂದರೆ ಕಾಗದಕ್ಕೆ ಬೇಕಾದ ಮರದ ತಿರುಳು ತೆಗೆಯುವ ಕಾರ್ಖಾನೆಯದು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2010ರ ಏಪ್ರಿಲ್ 20ರಂದು ತೀರ್ಪು ಕೊಟ್ಟದ್ದು. ಎರಡು ಸಲ ಓದಿದೆ, ಇನ್ನೂ ತಲೆಗೆ ಹತ್ತುತ್ತಿಲ್ಲ. ಎರಡು ದೇಶಗಳ ಗಡಿಯೇ ಒಂದು ನದಿ. ಉರುಗ್ವೆ ತನ್ನ ದಡದಲ್ಲಿ ಕಾರ್ಖಾನೆಗೆ ಅನುಮತಿ ಕೊಟ್ಟಿತು, ಆಚೆ ದಡದವರಿಗೆ ಸರಿಯಾಗಿ ಹೇಳಲಿಲ್ಲ. ಅದು ತಪ್ಪು ಅಂತ ಕೋರ್ಟ್ 13-1ರಲ್ಲಿ ಹೇಳಿತು. ಆಮೇಲೆ 11-3ರಲ್ಲಿ, ನದಿ ಹಾಳು ಮಾಡಿದ್ದು ಸಾಬೀತಾಗಿಲ್ಲ ಅಂದುಬಿಟ್ಟಿತು. ಕಾರ್ಖಾನೆ ಮುಚ್ಚಲಿಲ್ಲ, ದುಡ್ಡಿನ ಪರಿಹಾರವೂ ಇಲ್ಲ.

ನೆರೆ ದೇಶಕ್ಕೆ ಹಾನಿ ಮಾಡಬಾರದು ಅನ್ನುವ ನಿಯಮ ಇದೆ, ಹಾನಿ ಖಚಿತವಾಗುವ ತನಕ ಕಾಯದೆ ಮೊದಲೇ ಎಚ್ಚರ ವಹಿಸಬೇಕು ಅನ್ನುವ ಮುನ್ನೆಚ್ಚರಿಕೆ ತತ್ವವೂ ಇದೆ ಅಂತ ಓದಿದ್ದೇವಲ್ಲ, ಎರಡೂ ಇದ್ದೂ ಹೀಗೆ ಹೇಗಾಯಿತು? ಯಾರಾದರೂ ಬಿಡಿಸಿ ಹೇಳ್ತೀರಾ?

ಜಗಲಿಕಟ್ಟೆ

ಸರಳ. ತಪ್ಪು ಮಾಡಿದೀಯಪ್ಪ ಅಂತ ಬೈದು ಕಳಿಸಿದರು. ದೇಶಗಳಿಗೆಲ್ಲ ಅಷ್ಟೇ ಶಿಕ್ಷೆ.

ಕರಿಕೋಟು

ಜಗಲಿಕಟ್ಟೆ ಅವರ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೆ ಕೊನೆಗೆ ಬರ್ತೀನಿ. ಮೊದಲು ನಡೆದದ್ದು ಏನು ಅಂತ ನೋಡೋಣ, ಯಾಕೆಂದರೆ ಈ ಕೇಸಿನಲ್ಲಿ ಎಲ್ಲವೂ ದಿನಾಂಕಗಳ ಮೇಲೆ ನಿಂತಿದೆ.

ಈ ನದಿಗೆ ಅಂತಲೇ ಎರಡೂ ದೇಶಗಳು 1975ರಲ್ಲಿ ಒಂದು ಒಪ್ಪಂದ ಮಾಡಿಕೊಂಡಿದ್ದವು. ಜೊತೆಗೆ ಇಬ್ಬರೂ ಸೇರಿ ನಡೆಸುವ ಒಂದು ನದಿ ಆಯೋಗ, ಅದರ ಹೆಸರು ಕಾರು. ನದಿಗೆ ತೊಂದರೆ ಆಗಬಹುದಾದ ಕೆಲಸ ಯಾರೇ ಮಾಡುವುದಿದ್ದರೂ ಮೊದಲು ಕಾರುಗೆ ತಿಳಿಸಬೇಕು. ದೊಡ್ಡ ಹಾನಿ ಆಗಬಹುದೇ ಅಂತ ಕಾರು 30 ದಿನದಲ್ಲಿ ಮೇಲ್ನೋಟಕ್ಕೆ ನೋಡಿ ಹೇಳಬೇಕು. ಆಗಬಹುದು ಅಂದರೆ ಇನ್ನೊಂದು ದೇಶಕ್ಕೆ ಪೂರ್ತಿ ವಿವರ ಹೋಗಬೇಕು, ಅವರಿಗೆ ಉತ್ತರಿಸಲು 180 ದಿನ. ಅವರು ಆಕ್ಷೇಪ ಎತ್ತಿದರೆ ಮಾತುಕತೆಗೆ ಇನ್ನೊಂದು 180 ದಿನ. ಅದೂ ಮುರಿದುಬಿದ್ದರೆ ಹೇಗ್‌ಗೆ ಹೋಗುವುದು.

ಉರುಗ್ವೆ ಏನು ಮಾಡಿತು? ಸ್ಪೇನಿನ ಕಂಪನಿಯೊಂದರ ಕಾರ್ಖಾನೆಗೆ 2003ರ ಅಕ್ಟೋಬರ್‌ನಲ್ಲಿ, ಫಿನ್ಲೆಂಡಿನ ಬೋಟ್ನಿಯಾ ಕಂಪನಿಯ ಕಾರ್ಖಾನೆಗೆ 2005ರ ಫೆಬ್ರವರಿಯಲ್ಲಿ ಪರಿಸರ ಅನುಮತಿ ಕೊಟ್ಟಿತು. ಎರಡೂ ಫ್ರಾಯ್ ಬೆಂತೋಸ್ ಊರಿನ ಹತ್ತಿರ. ಆಚೆ ದಡದ ಕಡೆ ಅರ್ಜೆಂಟೀನಾದ ಗುವಾಲೆಗುವಾಯ್ಚು. ಅನುಮತಿ ಕೊಡುವ ಮೊದಲು ಕಾರುಗೆ ಹೋಗಬೇಕಿದ್ದ ಕಾಗದಪತ್ರ ಹೋಗಲೇ ಇಲ್ಲ. 2005ರಲ್ಲಿ ಎರಡೂ ಸರ್ಕಾರಗಳು ತಜ್ಞರ ಒಂದು ತಂಡ ಮಾಡಿಕೊಂಡು ಮಾತಾಡಿದವು, ಅದು 2006ರ ಆರಂಭಕ್ಕೆ ಮುರಿಯಿತು. ಮಾತುಕತೆ ನಡೆಯುತ್ತಿದ್ದಾಗಲೇ ಉರುಗ್ವೆ ಕಟ್ಟುವ ಕೆಲಸಕ್ಕೆ ಅನುಮತಿ ಕೊಟ್ಟಿತ್ತು. ಕೋರ್ಟ್ ತಪ್ಪು ಅಂದದ್ದು ಇದನ್ನೆಲ್ಲ. ಮುಂದೆ ಸ್ಪೇನಿನವರು ಆ ಜಾಗ ಬಿಟ್ಟರು. ಫಿನ್ಲೆಂಡಿನವರದು 2007ರ ನವೆಂಬರ್‌ನಲ್ಲಿ ಶುರುವಾಯಿತು, ವರ್ಷಕ್ಕೆ ಸುಮಾರು 10 ಲಕ್ಷ ಟನ್ ಪಲ್ಪ್ ತೆಗೆಯುವಷ್ಟು ದೊಡ್ಡದು.

ಸಂಜೆಮಳೆ, ನಿಮಗೆ ಗೋಜಲಾಗಿರುವುದು ಇಲ್ಲಿ ಅನ್ಸುತ್ತೆ. ಮಾತುಕತೆ ಮುಗಿಯುವ ತನಕ ಕಟ್ಟಬಾರದು, ಅದು ನಿಜ. ಆದರೆ ಮಾತುಕತೆ ಮುರಿದ ಮೇಲೆ, ಹೇಗ್ ತೀರ್ಪು ಬರುವ ತನಕವೂ ಕಟ್ಟಬಾರದು ಅಂತ ಒಪ್ಪಂದದಲ್ಲಿ ಎಲ್ಲೂ ಬರೆದಿಲ್ಲ ಅಂದಿತು ಕೋರ್ಟ್. ಅಂದರೆ ಪಕ್ಕದ ದೇಶಕ್ಕೆ ಕೇಳಿಸಿಕೊಳ್ಳುವ ಹಕ್ಕಿದೆ, ತಡೆಯುವ ಹಕ್ಕಿಲ್ಲ.

ತೆಂಗಿನಗರಿ

ಕರಿಕೋಟು ಸರ್, ಪ್ರಕ್ರಿಯೆಯದು ಸರಿ. ಆದರೆ ಹಾನಿಯ ವಿಷಯದಲ್ಲಿ ಕೋರ್ಟ್ ಎಡವಿದೆ ಅಂತ ನನಗನಿಸುತ್ತೆ. ಮುನ್ನೆಚ್ಚರಿಕೆ ತತ್ವ ಅಂದರೇನೇ ಸಾಬೀತು ಮಾಡುವ ಹೊಣೆ ತಿರುಗುವುದು. ಹಾನಿ ಆಯಿತು ಅಂತ ದೂರುವವನು ತೋರಿಸಬೇಕಿಲ್ಲ, ಹಾನಿ ಆಗಲ್ಲ ಅಂತ ಕಾರ್ಖಾನೆಯವನು ತೋರಿಸಬೇಕು. ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ವೆಲ್ಲೂರು ಚರ್ಮದ ಕಾರ್ಖಾನೆಗಳ ಕೇಸಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದೆ. ಇನ್ನೂ ಹಿಂದಕ್ಕೆ ಹೋದರೆ ಅಮೆರಿಕ ಮತ್ತು ಕೆನಡಾ ನಡುವಿನ ಟ್ರೇಲ್ ಸ್ಮೆಲ್ಟರ್ ಕೇಸಲ್ಲಿ ಕೆನಡಾ ದುಡ್ಡು ಕೊಟ್ಟಿದೆ. ಅಲ್ಲಿ ಆದದ್ದು ಇಲ್ಲಿ ಯಾಕಾಗಲ್ಲ?

ಕರಿಕೋಟು

ಸರ್ ಅಲ್ಲ, ಮೇಡಂ. ಪರವಾಗಿಲ್ಲ, ಹೆಸರು ನೋಡಿ ಎಲ್ಲರೂ ಹಾಗೇ ಅಂದ್ಕೋತಾರೆ.

ವೆಲ್ಲೂರು ತೀರ್ಪಿನ ಬಗ್ಗೆ ನೀವು ಹೇಳಿದ್ದು ಸರಿ. ಭಾರತದೊಳಗೆ ಅದೇ ಕಾನೂನು. ಆದರೆ ಅದನ್ನೇ ಎತ್ತಿಕೊಂಡು ಹೇಗ್‌ಗೆ ಹೋದರೆ ನಡೆಯಲ್ಲ. ಅರ್ಜೆಂಟೀನಾ ವಕೀಲರು ನೀವು ಹೇಳಿದ ವಾದವನ್ನೇ ಹೂಡಿದ್ದರು. ಕೋರ್ಟ್ ಕೊಟ್ಟ ಉತ್ತರದ ಸಾರ ಇಷ್ಟು: ಒಪ್ಪಂದವನ್ನು ಅರ್ಥ ಮಾಡಿಕೊಳ್ಳುವಾಗ ಮುನ್ನೆಚ್ಚರಿಕೆಯ ದೃಷ್ಟಿ ಉಪಯೋಗಕ್ಕೆ ಬರಬಹುದು, ಹಾಗಂತ ಸಾಬೀತಿನ ಹೊಣೆ ತಿರುಗುವುದಿಲ್ಲ. ಹೇಳಿದವನೇ ತೋರಿಸಬೇಕು. ನಮ್ಮ ಸುಪ್ರೀಂ ಕೋರ್ಟ್ ಈ ತತ್ವ ಅಂತರರಾಷ್ಟ್ರೀಯ ರೂಢಿಯ ಭಾಗ ಅಂತ ಬರೆದು 14 ವರ್ಷ ಆದ ಮೇಲೂ ಅಂತರರಾಷ್ಟ್ರೀಯ ಕೋರ್ಟ್ ಅಷ್ಟು ದೂರ ಹೋಗಲು ಒಪ್ಪಲಿಲ್ಲ. ಈ ಎರಡು ತೀರ್ಪುಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ನನಗೆ ಈಗಲೂ ನಗು ಬರುತ್ತೆ.

ಟ್ರೇಲ್ ವಿಷಯದಲ್ಲಿ ಮಾತ್ರ ನೀವು ಅರ್ಧ ಸರಿ. ಕೆನಡಾದ ಟ್ರೇಲ್ ಊರಲ್ಲಿ ಸತು, ಸೀಸ ಕರಗಿಸುವ ಕುಲುಮೆ. ಅದರ ಗಂಧಕದ ಹೊಗೆ ಕೊಲಂಬಿಯಾ ನದಿಯ ಕಣಿವೆ ಹಿಡಿದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೊಲ, ಕಾಡುಗಳ ಮೇಲೆ ಬೀಳುತ್ತಿತ್ತು. ಕೆನಡಾ ದುಡ್ಡು ಕೊಟ್ಟದ್ದೂ ನಿಜ. ಆದರೆ ಅಲ್ಲಿ ಹೊಗೆಗೆ ಬೇರೆ ಮೂಲವೇ ಇರಲಿಲ್ಲ. ಇಕ್ಕಟ್ಟಾದ ಕಣಿವೆ, ಅದರ ತಲೆಗೆ ಒಂದು ದೊಡ್ಡ ಕುಲುಮೆ. ಮೇಲಾಗಿ 1935ರ ಒಪ್ಪಂದದಲ್ಲೇ 1932ಕ್ಕೆ ಮುಂಚಿನ ಹಾನಿಗೆ 3,50,000 ಡಾಲರ್ ಕೊಡಲು ಕೆನಡಾ ಒಪ್ಪಿತ್ತು. ಪಂಚರ ಮುಂದೆ ಉಳಿದದ್ದು ಆಮೇಲಿನ ಹಾನಿ ಎಷ್ಟು, ಮುಂದಕ್ಕೆ ಏನು ಮಾಡಬೇಕು ಅನ್ನುವುದು. 1938ರಲ್ಲಿ ಅವರು ಇನ್ನೂ 78,000 ಡಾಲರ್ ಕೊಡಿಸಿದರು. ಎಲ್ಲರೂ ಉದ್ಧರಿಸುವ 1941ರ ತೀರ್ಪಿನಲ್ಲೂ, ಹಾನಿ ಗಂಭೀರವಾಗಿರಬೇಕು ಮತ್ತು ಸ್ಪಷ್ಟವಾದ, ನಂಬುವಂಥ ಸಾಕ್ಷ್ಯ ಇರಬೇಕು ಅಂತ ಷರತ್ತಿದೆ. ಆ ಷರತ್ತನ್ನು ಬಿಟ್ಟು ನಿಯಮವನ್ನಷ್ಟೇ ಉದ್ಧರಿಸುವುದು ನಮ್ಮವರ ಅಭ್ಯಾಸ.

ಇಟಿಪಿ ಅಣ್ಣ

ನಾನು ವಕೀಲ ಅಲ್ಲ. ಕಾಗದ ಕಾರ್ಖಾನೆಯೊಂದರ ಲ್ಯಾಬಲ್ಲಿ ಇಪ್ಪತ್ತು ವರ್ಷ ಕೊಳಚೆ ನೀರು ಪರೀಕ್ಷೆ ಮಾಡಿದವನು. ಈ ಕೇಸಿನ ನೀರಿನ ಭಾಗ ಓದಿದಾಗ ನಮ್ಮ ಕಥೆಯೇ ಅನಿಸಿತ್ತು, ಅದಕ್ಕೆ ಸ್ವಲ್ಪ ಉದ್ದವಾಗಿ ಬರೀತೀನಿ.

ಪಲ್ಪ್ ಅಂದ ತಕ್ಷಣ ಜನ ಕ್ಲೋರಿನ್, ಡಯಾಕ್ಸಿನ್ ಅಂತ ಹೆದರುತ್ತಾರೆ. ಹಳೇ ಕಾರ್ಖಾನೆಗಳಲ್ಲಿ ಆ ಹೆದರಿಕೆ ಸರಿಯಾದದ್ದೇ. ಬೋಟ್ನಿಯಾದ್ದು ಹೊಸ ಕಾರ್ಖಾನೆ. ಬಿಳುಪು ಮಾಡಲು ಕ್ಲೋರಿನ್ ಅನಿಲ ಬಿಟ್ಟು ಕ್ಲೋರಿನ್ ಡಯಾಕ್ಸೈಡ್ ಬಳಸುವ ವಿಧಾನ, ಅದರಲ್ಲಿ ಆ ವಿಷಗಳು ತುಂಬಾ ಕಮ್ಮಿ. ಹಾಗಾಗಿ ಅಲ್ಲಿ ನಿಜವಾದ ಜಗಳ ಬಂದದ್ದು ಫಾಸ್ಫರಸ್ ಮೇಲೆ. ಇದು ವಿಷ ಅಲ್ಲ, ಗೊಬ್ಬರ. ನೀರಿಗೆ ಜಾಸ್ತಿ ಬಿದ್ದರೆ ಪಾಚಿ ಉಕ್ಕುತ್ತೆ. ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತಿದೆ: ಪಲ್ಪ್ ಕೊಳಚೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಬೇಕಾದಷ್ಟು ಸಾರಜನಕ, ಫಾಸ್ಫರಸ್ ಸಾಮಾನ್ಯವಾಗಿ ಇರಲ್ಲ, ಶುದ್ಧೀಕರಣದ ತೊಟ್ಟಿಗೆ ನಾವೇ ಅಳೆದು ಹಾಕಬೇಕಾಗುತ್ತೆ. ಕೈ ಜಾರಿ ಜಾಸ್ತಿ ಹಾಕಿದರೆ ಹೆಚ್ಚಾದದ್ದು ಸೀದಾ ನದಿಗೆ. ನಮ್ಮಲ್ಲೂ ಒಂದೆರಡು ಸಲ ಹಾಗಾಗಿದೆ, ಸುಮ್ನೆ ಯಾಕೆ ಮುಚ್ಚಿಡಲಿ.

2009ರ ಫೆಬ್ರವರಿ 4ರಂದು ಆ ನದಿಯಲ್ಲಿ ಪಾಚಿ ಉಕ್ಕಿತು. ನೋಡಿ, ಕಾರ್ಖಾನೆಯದೇ ಕೆಲಸ ಅಂದಿತು ಅರ್ಜೆಂಟೀನಾ. ಉರುಗ್ವೆ ಕೊಟ್ಟ ಉತ್ತರ ಮಜವಾಗಿತ್ತು: ಗುವಾಲೆಗುವಾಯ್ಚುವಿನಲ್ಲಿ ವರ್ಷಾವರ್ಷ ಕಾರ್ನಿವಲ್ ಜಾತ್ರೆ ನಡೆಯುತ್ತೆ, ಆ ಜನಸಂದಣಿಯ ಕಕ್ಕಸು ನೀರೇ ಕಾರಣ ಅಂತ! ನಗಬೇಡಿ, ಲ್ಯಾಬ್ ಲೆಕ್ಕದಲ್ಲಿ ಅದು ಅಸಾಧ್ಯವಾದ ಮಾತಲ್ಲ. ಆ ನದಿಗೆ ಊರುಗಳ ಚರಂಡಿ, ಹೊಲದ ಗೊಬ್ಬರ, ದನದ ಸಗಣಿ ಎಲ್ಲ ಸೇರುತ್ತೆ. ಫಾಸ್ಫರಸ್ ಕಾರ್ಖಾನೆ ಬರುವ ಮೊದಲೇ ಜಾಸ್ತಿ ಇತ್ತು. ಉರುಗ್ವೆಯ ಸ್ವಂತ ಮಿತಿ ಲೀಟರಿಗೆ 0.025 ಮಿಲಿಗ್ರಾಂ, ನೀರು ಅದನ್ನು ಮೊದಲೇ ದಾಟಿತ್ತು. ಕಾರು ಆಯೋಗ ಫಾಸ್ಫರಸ್‌ಗೆ ಮಿತಿಯನ್ನೇ ಇಟ್ಟಿರಲಿಲ್ಲ. ಒಟ್ಟು ಫಾಸ್ಫರಸ್‌ಗೆ ಹೋಲಿಸಿದರೆ ಕಾರ್ಖಾನೆಯ ಪಾಲು ಲೆಕ್ಕಕ್ಕೆ ಬಾರದಷ್ಟು ಅಂದಿತು ಕೋರ್ಟ್.

ಇನ್ನೊಂದು, ಇದು ನನ್ನಂಥವರಿಗೆ ಹೊಟ್ಟೆ ಉರಿಸುವ ವಿಷಯ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5.6 ಮಿಲಿಗ್ರಾಂ ಇರಬೇಕು, ಇಲ್ಲಿ 3.8ಕ್ಕೆ ಇಳಿದಿದೆ ಅಂತ ಅರ್ಜೆಂಟೀನಾ ವಾದಿಸಿತು. ಕೋರ್ಟ್ ಮೂಲ ಪಟ್ಟಿ ತೆಗೆದು ನೋಡಿದರೆ ಆ ಸಂಖ್ಯೆ ಕರಗಿದ ಆಮ್ಲಜನಕದ್ದೇ ಅಲ್ಲ, ಕೊಳಕು ಕರಗಿಸಲು ಬೇಕಾಗುವ ಆಮ್ಲಜನಕದ್ದು. ಒಂದು ಜಾಸ್ತಿ ಇದ್ದರೆ ನೀರು ಚೆನ್ನಾಗಿದೆ ಅಂತ, ಇನ್ನೊಂದು ಜಾಸ್ತಿ ಇದ್ದರೆ ಕೆಟ್ಟಿದೆ ಅಂತ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರು ಮಾಡುವ ತಪ್ಪು. ಒಂದು ದೇಶ ಹೇಗ್‌ನಲ್ಲಿ ನಿಂತು ಮಾಡಿದೆ.

ಜಗಲಿಕಟ್ಟೆ

ಅಣ್ಣ, ಅದಕ್ಕೇ ಅಲ್ಲವಾ ತಜ್ಞರು ಅಂತ ಇರುವುದು? ಕೋರ್ಟೇ ಒಬ್ಬ ತಜ್ಞನನ್ನು ಕಳಿಸಿ ನೀರು ತುಂಬಿಸಿಕೊಂಡು ಬಾ ಅನ್ನಬಹುದಿತ್ತಲ್ಲ.

ಕರಿಕೋಟು

ಜಗಲಿಕಟ್ಟೆ ಅವರೇ, ಸುಮ್ನೆ ಕೂತಲ್ಲೇ ಕೇಸಿನ ನರ ಹಿಡಿದುಬಿಟ್ಟಿರಿ. ಭಿನ್ನಮತ ಬರೆದ ಮೂವರಲ್ಲಿ ಅಲ್ ಖಸಾವ್ನೆ ಮತ್ತು ಸಿಮ್ಮಾ ಸೇರಿ ಬರೆದದ್ದೇ ಇದನ್ನ. ಇಷ್ಟು ತಾಂತ್ರಿಕವಾದ ಪ್ರಶ್ನೆಗೆ ಕೋರ್ಟ್ ತಾನೇ ತಜ್ಞರನ್ನು ನೇಮಿಸಬಹುದಿತ್ತು, ನಿಯಮಗಳಲ್ಲಿ ಅದಕ್ಕೆ ಅವಕಾಶವಿತ್ತು, ಮಾಡಲಿಲ್ಲ ಅನ್ನುವುದು ಅವರ ದೂರು. ಎರಡೂ ದೇಶಗಳು ತಮ್ಮ ವಿಜ್ಞಾನಿಗಳನ್ನು ಸಾಕ್ಷಿಗಳಾಗಿ ತರದೆ ವಕೀಲರ ಸಾಲಲ್ಲಿ ಕೂರಿಸಿದ್ದವು. ಹಾಗೆ ಮಾಡಿದರೆ ಎದುರಿನವರು ಪಾಟೀಸವಾಲು ಹಾಕುವ ಹಾಗಿಲ್ಲ. ಇದು ಕೋರ್ಟಿಗೇ ಹಿಡಿಸಲಿಲ್ಲ, ಮುಂದಿನ ಸಲ ಸಾಕ್ಷಿಗಳಾಗಿ ಕರೆತನ್ನಿ ಅನ್ನುವ ಅರ್ಥದಲ್ಲಿ ತೀರ್ಪಿನಲ್ಲೇ ಬರೆದಿದೆ.

ನನಗೆ ಬಹುಮತದ ತೀರ್ಪಿಗಿಂತ ಈ ಭಿನ್ನಮತವೇ ಸರಿ ಅನ್ಸುತ್ತೆ. ಸಾಬೀತಿನ ಹೊಣೆಯನ್ನು ದೂರುವವನ ಮೇಲೇ ಇಡುವುದಾದರೆ ಕನಿಷ್ಠ ಅಳತೆಗೆ ಒಬ್ಬ ನಡುವಿನವನು ಇರಬೇಕಲ್ಲ? ಪೈಪು ಇರುವುದು ಆಚೆ ದೇಶದಲ್ಲಿ. ಅಲ್ಲಿಗೆ ಹೋಗಿ ಅಳೆಯಲು ಇವನಿಗೆ ಬಿಡುವವರು ಯಾರು?

ಹೊಸೂರಿನವ

ನನಗೂ ಇದೇ ಸಮಸ್ಯೆ. ನಾನು ಹೊಸೂರಿನಲ್ಲಿ ಇರುವ ಕನ್ನಡದವನು. ಕೆಲವರಪಳ್ಳಿ ಅಣೆಕಟ್ಟಿನ ಕೆಳಗೆ ನಮ್ಮದು ಎರಡು ಎಕರೆ ಇದೆ. ದಕ್ಷಿಣ ಪಿನಾಕಿನಿ ನಂದಿ ಬೆಟ್ಟದ ಕಡೆ ಹುಟ್ಟಿ ಬೆಂಗಳೂರಿನ ಪಕ್ಕದಲ್ಲಿ ಹರಿದು ಇಲ್ಲಿಗೆ ಬರುತ್ತೆ. ಮಳೆ ಬಂದು ಗೇಟು ಎತ್ತಿದಾಗ ನೊರೆ ಆಳೆತ್ತರ ಬರುತ್ತೆ, ರಸ್ತೆ ಮೇಲೂ ಬಂದಿದೆ. ಗಡಿಯಾಚೆಯಿಂದ ಬರುವ ಕೊಳಕು ಅಂದರೆ ಇದೇ ಅಲ್ವಾ? ಹಾಗಾದರೆ ಮೇಡಂ, ನಾವು ಹೇಗ್‌ಗೆ ಹೋಗಬಹುದಾ?

ಕರಿಕೋಟು

ಇಲ್ಲ ಸಾರ್. ಅಲ್ಲಿಗೆ ದೇಶಗಳು ಮಾತ್ರ ಹೋಗಬಹುದು. ನಿಮ್ಮದು ಒಂದೇ ದೇಶದ ಎರಡು ರಾಜ್ಯಗಳ ಗಡಿ. ಆದರೆ ನಿಮಗೆ ಒಂದು ಅನುಕೂಲ ಇದೆ, ಅರ್ಜೆಂಟೀನಾಕ್ಕೆ ಇಲ್ಲದ್ದು. ನೀವು ಹಸಿರು ನ್ಯಾಯಮಂಡಳಿಗೆ ಹೋದರೆ, 2010ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅದು ಮುನ್ನೆಚ್ಚರಿಕೆ ತತ್ವವನ್ನು ಅನ್ವಯಿಸಲೇಬೇಕು. ತೆಂಗಿನಗರಿಯವರು ಹೇಳಿದ ವೆಲ್ಲೂರು ತೀರ್ಪು ನಿಮ್ಮ ಕೈಯಲ್ಲಿ ಕೆಲಸ ಮಾಡುತ್ತೆ. ವಿವಾದ ಎತ್ತಲು ಕಾರಣ ಹುಟ್ಟಿದ ದಿನದಿಂದ ಆರು ತಿಂಗಳು, ಪರಿಹಾರ ಕೇಳಲು ಐದು ವರ್ಷ ಅಂತ ಗಡುವು ಇದೆ. ಸ್ಥಳೀಯ ವಕೀಲರ ಹತ್ತಿರ ಕಾಗದ ತೋರಿಸಿ.

ಇಟಿಪಿ ಅಣ್ಣ

ಹೊಸೂರಿನವರೇ, ಅದರ ಜೊತೆಗೆ ಇದನ್ನೂ ಮಾಡಿ. ನೊರೆಯ ಫೋಟೋ ಮಾತ್ರ ಸಾಲಲ್ಲ. ನೊರೆಗೆ ಸಾಮಾನ್ಯವಾಗಿ ಕಾರಣ ಸೋಪು, ಡಿಟರ್ಜೆಂಟ್, ಅದು ಮನೆಗಳಿಂದಲೂ ಬರುತ್ತೆ, ಕಾರ್ಖಾನೆಯಿಂದಲೂ ಬರುತ್ತೆ. ಉರುಗ್ವೆಯ ಪಾಚಿಯ ಕಥೆಯೇ ಇಲ್ಲೂ. ಒಂದೇ ದಿನ, ನಿಮಗೆ ಅನುಮಾನ ಇರುವ ಜಾಗದ ಮೇಲುಗಡೆ ಒಂದು ಸ್ಯಾಂಪಲ್, ಕೆಳಗಡೆ ಒಂದು ಸ್ಯಾಂಪಲ್ ತೆಗೆಸಿ. ಮೇಲುಗಡೆಯದು ಇಲ್ಲದಿದ್ದರೆ ಎದುರಿನ ವಕೀಲ ಮೊದಲು ಕೇಳುವುದೇ ಅದನ್ನ. ಕರಗಿದ ಆಮ್ಲಜನಕವನ್ನು ನದಿ ದಂಡೆಯಲ್ಲೇ ಅಳೆಯಬೇಕು, ಇಲ್ಲಾಂದ್ರೆ ಅಲ್ಲೇ ರಾಸಾಯನಿಕ ಹಾಕಿ ಕಟ್ಟಬೇಕು. ಬಾಟಲಿಯಲ್ಲಿ ತುಂಬಿ ಬಸ್ಸಲ್ಲಿ ತಂದರೆ ಆ ಸಂಖ್ಯೆಗೆ ಬೆಲೆ ಇಲ್ಲ.

ಹೊಸೂರಿನವ

ಮೇಲುಗಡೆ ಅಂದರೆ ಕರ್ನಾಟಕದ ಒಳಗೆ ಹೋಗಿ ತೆಗೀಬೇಕು. ಹೋಗಬಹುದು, ನಮ್ಮೂರಿನ ದಾರಿನೇ. ಥ್ಯಾಂಕ್ಸ್ ಅಣ್ಣ.

ತೆಂಗಿನಗರಿ

ಸರಿ ಮೇಡಂ, ಹೊಣೆ ತಿರುಗಲ್ಲ ಅಂತ ಒಪ್ಪಿದೆ. ಹಾಗಾದರೆ ದೇಶ ದೇಶಗಳ ನಡುವೆ ಮುನ್ನೆಚ್ಚರಿಕೆ ತತ್ವದಿಂದ ಪ್ರಯೋಜನ ಏನು? ಬರೀ ಅಲಂಕಾರವಾ?

ಕರಿಕೋಟು

ಅಲಂಕಾರಕ್ಕಿಂತ ಸ್ವಲ್ಪ ಜಾಸ್ತಿ, ನೀವು ಅಂದುಕೊಂಡದ್ದಕ್ಕಿಂತ ತುಂಬಾ ಕಮ್ಮಿ. ನಮ್ಮದೇ ಕಿಶನ್‌ಗಂಗಾ ನದಿಯ ಜಲವಿದ್ಯುತ್ ಯೋಜನೆಯ ಕೇಸು ನೋಡಿ. ಅಲ್ಲಿ ಭಾರತ ಮೇಲಿನ ದೇಶ, ಪಾಕಿಸ್ತಾನ ಕೆಳಗಿನದು. ನೀರು ತಿರುಗಿಸಿದರೆ ನದಿಯ ಜೀವಕ್ಕೆ ಏನಾಗುತ್ತೆ ಅನ್ನುವ ಪ್ರಶ್ನೆ ಇತ್ತು. 2013ರ ಡಿಸೆಂಬರ್‌ನಲ್ಲಿ ಪಂಚರು ಕನಿಷ್ಠ 9 ಕ್ಯೂಮೆಕ್ಸ್, ಅಂದರೆ ಸೆಕೆಂಡಿಗೆ 9 ಘನ ಮೀಟರ್ ನೀರು ಬಿಡಬೇಕು ಅಂದರು. ಆದರೆ ಮುನ್ನೆಚ್ಚರಿಕೆಯ ದೃಷ್ಟಿ ಹಿಡಿದು ನಾವೇ ನೀತಿ ಮಾಡುವವರ ಜಾಗದಲ್ಲಿ ಕೂರಲ್ಲ ಅಂತಲೂ ಬರೆದರು. ನಮ್ಮ ದೇಶಕ್ಕೆ ಅದು ಅನುಕೂಲವೇ ಆಯಿತು. ಮನೆಯೊಳಗೆ ಒಂದು ನಿಯಮ, ಅಂಗಳದಾಚೆ ಇನ್ನೊಂದು!

ಹಾನಿ ಮಾಡಬಾರದು ಅನ್ನುವ ನಿಯಮವನ್ನೂ ತಪ್ಪಾಗಿ ಓದಬೇಡಿ. ಆಚೆ ಏನೂ ಆಗದಂತೆ ನೋಡಿಕೊಳ್ಳುತ್ತೇನೆ ಅಂತ ದೇಶ ಗ್ಯಾರಂಟಿ ಕೊಡುವುದಿಲ್ಲ. ತನ್ನ ಕೈಲಾದ ಎಚ್ಚರ ವಹಿಸಬೇಕು, ಅಷ್ಟೇ. ಎಲ್ಲ ಎಚ್ಚರ ವಹಿಸಿದ ಮೇಲೂ ಹಾನಿ ಆದರೆ ನಿಯಮ ಮುರಿದ ಹಾಗಲ್ಲ. ಪಲ್ಪ್ ಕೇಸು ಇದಕ್ಕೆ ಒಂದು ಗಟ್ಟಿ ಹಲ್ಲು ಕೊಟ್ಟಿತು. ಆಚೆ ದೇಶಕ್ಕೆ ದೊಡ್ಡ ತೊಂದರೆ ಆಗುವ ಅಪಾಯ ಇದ್ದರೆ ಕೆಲಸ ಶುರು ಮಾಡುವ ಮೊದಲೇ ಪರಿಸರ ಪರಿಣಾಮದ ಅಧ್ಯಯನ ಮಾಡಬೇಕು, ಒಪ್ಪಂದ ಇರಲಿ ಇಲ್ಲದಿರಲಿ, ಅಂತ. ಆದರೆ ಅಧ್ಯಯನದಲ್ಲಿ ಏನೇನು ಇರಬೇಕು ಅನ್ನುವುದನ್ನು ಆಯಾ ದೇಶದ ಕಾನೂನಿಗೇ ಬಿಟ್ಟಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಅರ್ಧ ಕಿತ್ತುಕೊಂಡ ಹಾಗೆ.

2015ರಲ್ಲಿ ಕೋಸ್ಟರಿಕಾ ಇದೇ ಹಲ್ಲಿಗೆ ಸಿಕ್ಕಿತು. ನಿಕರಾಗುವಾದ ಸಾನ್ ಹ್ವಾನ್ ನದಿಯ ಪಕ್ಕದಲ್ಲಿ ತುರ್ತು ಅಂತ ಹೇಳಿ ಅಧ್ಯಯನ ಇಲ್ಲದೆ ರಸ್ತೆ ಮಾಡಿತ್ತು. ಅಧ್ಯಯನ ಮಾಡದ್ದು ತಪ್ಪು ಅಂದಿತು ಕೋರ್ಟ್. ಆದರೆ ರಸ್ತೆಯಿಂದ ನದಿಗೆ ಸೇರಿದ ಮಣ್ಣು ಒಟ್ಟು ಹೂಳಿನ ಹೆಚ್ಚೆಂದರೆ ನೂರಕ್ಕೆ ಎರಡು ಪಾಲು, ದೊಡ್ಡ ಹಾನಿ ಸಾಬೀತಾಗಿಲ್ಲ. ಮತ್ತೆ ಅದೇ ಕಥೆ, ತಪ್ಪು ಅಂತ ಘೋಷಣೆ, ಅಷ್ಟೇ ಪರಿಹಾರ.

ಜಗಲಿಕಟ್ಟೆ

ನಾನು ಮೊದಲನೇ ಸಾಲಲ್ಲೇ ಹೇಳಿದ್ದು ಇದನ್ನೇ. ಹೇಳದೆ ಕೇಳದೆ ಕಟ್ಟಿಬಿಡು, ಬೈಗುಳ ತಿನ್ನು, ಕಾರ್ಖಾನೆ ನಿನ್ನದೇ. ಹೀಗಿದ್ದರೆ ಮುಂದಿನ ದೇಶ ಯಾಕೆ ಹೇಳುತ್ತೆ?

ಕರಿಕೋಟು

ಇದಕ್ಕೆ ನನ್ನ ಹತ್ತಿರ ಚೆನ್ನಾದ ಉತ್ತರ ಇಲ್ಲ. ಪ್ರಕ್ರಿಯೆಯ ತಪ್ಪು, ಹಾನಿಯ ತಪ್ಪು ಎರಡಕ್ಕೂ ಸಂಬಂಧ ಇದೆ ಅಂತ ಒಪ್ಪಿಕೊಂಡು ಕೋರ್ಟ್ ಎರಡನ್ನೂ ಬೇರೆಬೇರೆಯಾಗಿ ತೂಗಿತು. ಸರಿಯಾದ ಹೊತ್ತಿಗೆ ಹೇಳಿದ್ದರೆ ಕಾರ್ಖಾನೆಯ ಜಾಗವೇ ಬದಲಾಗುತ್ತಿತ್ತೋ ಏನೋ ಅನ್ನುವ ಪ್ರಶ್ನೆಯನ್ನು ಕೊನೆಗೂ ಯಾರೂ ತೂಗಲಿಲ್ಲ.

ಇಟಿಪಿ ಅಣ್ಣ

ಆದರೆ ಜನ ಸುಮ್ಮನಿರಲಿಲ್ಲ ಅನ್ನುವುದನ್ನೂ ಬರೀರಿ. ಗುವಾಲೆಗುವಾಯ್ಚುವಿನವರು ಎರಡು ದೇಶ ಸೇರಿಸುವ ಸೇತುವೆಗೆ ಹೋಗುವ ರಸ್ತೆಗೆ ಅಡ್ಡ ಕೂತು ಮೂರು ವರ್ಷಕ್ಕಿಂತ ಜಾಸ್ತಿ ಸಂಚಾರ ನಿಲ್ಲಿಸಿದ್ದರು. ಅದನ್ನು ತೆಗೆಸಿ ಅಂತ ಉರುಗ್ವೆಯೂ ಹೇಗ್‌ಗೆ ಹೋಗಿತ್ತು, 2007ರ ಜನವರಿಯಲ್ಲಿ ಆಗಲ್ಲ ಅಂದರು. ತೀರ್ಪು ಬಂದ ಮೇಲೆ, 2010ರ ಜೂನ್‌ನಲ್ಲಿ ದಾರಿ ಬಿಟ್ಟರು. ಅದೇ ವರ್ಷ ಎರಡೂ ದೇಶಗಳು ಕಾರು ಮೂಲಕ ಜಂಟಿಯಾಗಿ ನದಿ ಪರೀಕ್ಷೆ ಮಾಡಲು ಒಪ್ಪಿದವು, ಕಾರ್ಖಾನೆಯದೂ ಸೇರಿ. ಲ್ಯಾಬಿನವನಾಗಿ ಹೇಳ್ತೀನಿ, ಆ ಇಡೀ ಜಗಳದಲ್ಲಿ ನದಿಗೆ ಸಿಕ್ಕಿದ್ದು ಅದೊಂದೇ. ಇಬ್ಬರೂ ಒಂದೇ ಬಾಟಲಿ ನೋಡಲು ಒಪ್ಪುವುದು.

ಸಂಜೆಮಳೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾನು 13-1 ಮತ್ತು 11-3 ಎರಡನ್ನೂ ಒಂದೇ ಪ್ರಶ್ನೆಗೆ ಎರಡು ಉತ್ತರ ಅಂದುಕೊಂಡು ಗೊಂದಲ ಮಾಡಿಕೊಂಡಿದ್ದೆ. ಸೆಮಿನಾರಲ್ಲಿ 3.8ರ ಕಥೆಯಿಂದ ಶುರು ಮಾಡ್ತೀನಿ. ಕರಿಕೋಟು ಮೇಡಂ, ಕೊನೆಯದೊಂದು: ಮಾತುಕತೆ ಮುಗಿದ ಮೇಲೆ ಕಟ್ಟಬಹುದು ಅಂದರಲ್ಲ, ಆ 180 ದಿನವನ್ನು ಒಂದು ದೇಶ ಸುಮ್ನೆ ಟೀ ಕುಡಿದುಕೊಂಡು ಕಳೆದುಬಿಟ್ಟರೆ?

ಕರಿಕೋಟು

ಮನಸ್ಸಿಟ್ಟು ಮಾತಾಡಬೇಕು ಅನ್ನುವ ನಿಯಮ ಇದೆ. ಅದನ್ನು ಸಾಬೀತು ಮಾಡುವ ಹೊಣೆ ಯಾರದು ಅಂತ ನಿಮಗೆ ಈಗ ಗೊತ್ತೇ ಇದೆ.